ಎರಡು ಲೋಲಕಗಳ ಕೊಡುಕೊಳ್ಳುವಿಕೆ

ಲಂಡನ್ನಿನ ಗಡಿಯಾರ ತಯಾರಕ ಜಾನ್ ಎಲಿಕಾಟ್ 1739ರಲ್ಲಿ ರಾಯಲ್ ಸೊಸೈಟಿಯ ಮುಂದೆ ಒಂದು ವಿಚಿತ್ರ ಸಂಗತಿಯನ್ನು ಇಟ್ಟ. ಅವನ ಬಳಿ ಲೋಲಕವುಳ್ಳ ಎರಡು ಗಡಿಯಾರಗಳಿದ್ದವು. ಎರಡಕ್ಕೂ ಬೇರೆ ಬೇರೆ ಮರದ ಪೆಟ್ಟಿಗೆ, ಎರಡರ ಲೋಲಕಗಳೂ ಭಾರವಾದವು. ಪೆಟ್ಟಿಗೆಗಳು ಪಕ್ಕಪಕ್ಕದಲ್ಲಿ ಒಂದೇ ಮರದ ಪಟ್ಟಿಗೆ ಒರಗಿ ನಿಂತಿದ್ದವು. ಒಂದನ್ನು ಓಡಿಸಿ ಇನ್ನೊಂದನ್ನು ಸುಮ್ಮನೆ ಬಿಟ್ಟರೆ, ಸುಮ್ಮನಿದ್ದ ಲೋಲಕ ಯಾರೂ ಮುಟ್ಟದೆ ತೂಗಲು ತೊಡಗುತ್ತಿತ್ತು. ಅದಕ್ಕಿಂತ ಸೋಜಿಗವೆಂದರೆ, ಓಡುತ್ತಿದ್ದ ಗಡಿಯಾರ ಕ್ರಮೇಣ ಬಲಗುಂದಿ ನಿಂತೇಬಿಡುತ್ತಿತ್ತು!

ಗಡಿಯಾರ ಚೆನ್ನಾಗಿತ್ತು, ಎಳೆಯುವ ತೂಕವೂ ಸರಿಯಾಗಿತ್ತು. ಹಾಗಾದರೆ ಚಲನೆ ಹೋದದ್ದೆಲ್ಲಿಗೆ? ಪಕ್ಕದ ಗಡಿಯಾರಕ್ಕೆ ಎಂದು ನೀವು ತಕ್ಷಣ ಹೇಳಬಹುದು. ಎಲಿಕಾಟ್ ಕೂಡ ಹಾಗೆಯೇ ತೀರ್ಮಾನಿಸಿದ. ಆದರೆ ಈ ಉತ್ತರ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಎರಡು ಲೋಲಕಗಳೂ ಒಂದೇ ಬಗೆಯವಾದರೆ, ಚಲನೆ ಅರ್ಧರ್ಧ ಹಂಚಿಕೆಯಾಗಿ ನಿಲ್ಲಬೇಕಿತ್ತು. ಬಿಸಿ ನೀರಿಗೆ ತಣ್ಣೀರು ಸೇರಿಸಿದರೆ ಎರಡೂ ಉಗುರುಬೆಚ್ಚಗಾಗುತ್ತವೆಯೇ ಹೊರತು ತಣ್ಣೀರು ಕುದಿದು ಬಿಸಿನೀರು ತಣ್ಣಗಾಗುವುದಿಲ್ಲ. ಇಲ್ಲಿ ಮಾತ್ರ ಒಂದು ಲೋಲಕ ತನ್ನಲ್ಲಿದ್ದುದನ್ನೆಲ್ಲ ಕೊಟ್ಟು ಬರಿಗೈಯಾಗುವುದೇಕೆ?

ಎಲಿಕಾಟ್‌ಗಿಂತ ಸುಮಾರು 75 ವರ್ಷ ಮೊದಲು ಇದೇ ಬಗೆಯ, ಆದರೆ ತದ್ವಿರುದ್ಧ ಫಲ ತೋರುವ ವಿದ್ಯಮಾನವೊಂದು ವರದಿಯಾಗಿತ್ತು. ಲೋಲಕ ಗಡಿಯಾರವನ್ನು ರೂಪಿಸಿದ ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹೈಗನ್ಸ್ 1665ರ ಫೆಬ್ರವರಿಯಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯಲೆಂದು ತಯಾರಿಸಿದ್ದ ಎರಡು ಗಡಿಯಾರಗಳು ಅವನ ಕೋಣೆಯಲ್ಲಿ ಒಂದೇ ಆಧಾರದಿಂದ ತೂಗುತ್ತಿದ್ದವು. ಅವುಗಳ ಲೋಲಕಗಳು ಸದಾ ವಿರುದ್ಧ ದಿಕ್ಕಿನಲ್ಲಿ ಓಲಾಡುತ್ತಿದ್ದುದನ್ನು ಅವನು ಕಂಡ. ಒಂದು ಬಲಕ್ಕೆ ಹೋದಾಗ ಇನ್ನೊಂದು ಎಡಕ್ಕೆ. ಈ ತಾಳ ತಪ್ಪುತ್ತಲೇ ಇರಲಿಲ್ಲ. ಬೇಕೆಂದೇ ತಪ್ಪಿಸಿದರೆ ಅರ್ಧ ಗಂಟೆಯೊಳಗೆ ಮತ್ತೆ ಹೊಂದಿಕೊಳ್ಳುತ್ತಿದ್ದವು. ಗಾಳಿಯ ಅಲುಗಾಟ ಕಾರಣವಿರಬಹುದೆಂದು ಹೈಗನ್ಸ್ ಮೊದಲು ಶಂಕಿಸಿದ. ಆಮೇಲೆ ನಿಜವಾದ ಕಾರಣ ಹೊಳೆಯಿತು. ಗಡಿಯಾರಗಳನ್ನು ಹೊತ್ತ ತೊಲೆ ಕಣ್ಣಿಗೆ ಕಾಣದಷ್ಟು ಅಲುಗುತ್ತಿತ್ತು.

ಹೀಗೆ ಹೈಗನ್ಸ್‌ನ ಗಡಿಯಾರಗಳು ಒಂದು ತಾಳಕ್ಕೆ ಬಂದು ನಿಂತವು. ಎಲಿಕಾಟ್‌ನ ಗಡಿಯಾರಗಳು ಚಲನೆಯನ್ನು ಒಂದಕ್ಕೊಂದು ಹಸ್ತಾಂತರಿಸಿದವು. ಇವೆರಡನ್ನೂ ಬಿಡಿಸಬಲ್ಲ ಕೀಲಿಕೈ ಒಂದೇ. ಅದನ್ನು ತಯಾರಿಸಿದವನು ಒಬ್ಬ ಗಣಿತಜ್ಞ.

ಬರ್ನೂಲಿಯ ದಾರ

ಡೇನಿಯಲ್ ಬರ್ನೂಲಿ ಹರಿಯುವ ದ್ರವದ ಒತ್ತಡದ ನಿಯಮದಿಂದ ನಿಮಗೆ ಪರಿಚಿತ. ಅವನು 1725ರಿಂದ 1733ರವರೆಗೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿದ್ದ. ಅಲ್ಲಿದ್ದಾಗ ಅವನನ್ನು ಕಾಡಿದ ಸಮಸ್ಯೆ ಸರಳವಾಗಿಯೇ ಕಾಣುತ್ತದೆ. ಒಂದು ದಾರಕ್ಕೆ ಒಂದರ ಕೆಳಗೊಂದರಂತೆ ಎರಡು ತೂಕಗಳನ್ನು ಕಟ್ಟಿ ತೂಗುಬಿಟ್ಟು ಅಲುಗಿಸಿದರೆ, ಅವುಗಳ ಚಲನೆ ಗಲಿಬಿಲಿಯಾಗಿರುತ್ತದೆ. ನೀವೂ ಮಾಡಿ ನೋಡಬಹುದು. ಈ ಗಲಿಬಿಲಿಯನ್ನು ನೇರವಾಗಿ ಬಿಡಿಸುವ ಗೋಜಿಗೆ ಬರ್ನೂಲಿ ಹೋಗಲಿಲ್ಲ. ಬದಲಾಗಿ ಹೀಗೆ ಕೇಳಿಕೊಂಡ: ಎರಡು ತೂಕಗಳೂ ಒಂದೇ ಆವರ್ತ ಕಾಲದಲ್ಲಿ, ಒಂದೇ ಕ್ಷಣದಲ್ಲಿ ಮಧ್ಯರೇಖೆಯನ್ನು ದಾಟುತ್ತಾ, ಒಂದೊಂದೂ ಸರಳ ಲೋಲಕದಂತೆ ಓಲಾಡುವುದು ಸಾಧ್ಯವೇ? ಸಾಧ್ಯವಾದರೆ ಎಷ್ಟು ಬಗೆಯಲ್ಲಿ?

ಸಮ ತೂಕ ಮತ್ತು ಸಮ ಉದ್ದದ ದಾರಗಳಿದ್ದರೆ ಅಂಥ ಚಲನೆಗಳು ಸರಿಯಾಗಿ ಎರಡೇ ಎಂದು ಅವನು ಕಂಡುಕೊಂಡ. ಮೊದಲನೆಯದು ನಿಧಾನದ ಚಲನೆ. ಇದರಲ್ಲಿ ಎರಡು ತೂಕಗಳೂ ಒಂದೇ ಬದಿಗೆ ಹೋಗುತ್ತವೆ. ಮೇಲಿನದು 1 ಸೆಂಮೀ ಸರಿದಾಗ ಕೆಳಗಿನದು 2.414 ಸೆಂಮೀ ಸರಿಯುತ್ತದೆ. ಎರಡನೆಯದು ಚುರುಕಾದ ಚಲನೆ. ಮೇಲಿನದು 1 ಸೆಂಮೀ ಬಲಕ್ಕೆ ಹೋದಾಗ ಕೆಳಗಿನದು 0.414 ಸೆಂಮೀ ಎಡಕ್ಕೆ ಹೋಗುತ್ತದೆ. ಮೂರು ತೂಕಗಳಿದ್ದರೆ ಮೂರು ಬಗೆ. ಎಡೆಬಿಡದ ಸರಪಳಿಯಾದರೆ ಬಗೆಗಳಿಗೆ ಕೊನೆಯೇ ಇಲ್ಲ. ಈ ಬರೆಹ ಅಕಾಡೆಮಿಯ 1732-33ರ ಸಂಪುಟದಲ್ಲಿದೆ. ಸಂಪುಟ ಅಚ್ಚಾಗಿ ಬಂದದ್ದು 1738ರಲ್ಲಿ, ಎಂದರೆ ಎಲಿಕಾಟ್‌ನ ವರದಿಗೆ ಒಂದು ವರ್ಷ ಮುಂಚೆ. ಇಂಥ ಒಂದೊಂದು ಶುದ್ಧ ಚಲನೆಯನ್ನು ನಾವಿಂದು ನಾರ್ಮಲ್ ಮೋಡ್ ಎನ್ನುತ್ತೇವೆ. ಇಲ್ಲಿ ಅದನ್ನು 'ಸಹಜ ವಿಧ' ಎಂದು ಕರೆಯೋಣ.

ಬರ್ನೂಲಿಯ ದೊಡ್ಡ ಹೆಜ್ಜೆ ಬಂದದ್ದು ಆಮೇಲೆ. ಬರ್ಲಿನ್ ಅಕಾಡೆಮಿಯ 1753ರ ಸಂಪುಟಕ್ಕಾಗಿ ಬರೆದ ಪ್ರಬಂಧಗಳಲ್ಲಿ ಅವನು, ವಸ್ತುವ್ಯೂಹವೊಂದರ ಸಣ್ಣ ಆಂದೋಲನ ಎಷ್ಟೇ ಗೋಜಲಾಗಿದ್ದರೂ ಅದು ಸಹಜ ವಿಧಗಳ ಬೆರಕೆ ಮಾತ್ರ ಎಂದು ವಾದಿಸಿದ. ಈ ವಿಧಗಳು ಒಂದರ ಕೆಲಸದಲ್ಲಿ ಒಂದು ತಲೆಹಾಕದೆ ಏಕಕಾಲದಲ್ಲಿ ನಡೆಯುತ್ತಿರುತ್ತವೆ ಎಂಬುದು ಅವನ ನಿಲುವು. ಆಯ್ಲರ್ ಮತ್ತು ಡಾಲಂಬೇರ್ ಇದನ್ನು ಒಪ್ಪಲಿಲ್ಲ. ಅವರ ಕಣ್ಣು ಇದ್ದದ್ದು ವಾದ್ಯದ ತಂತಿಯ ಮೇಲೆ. ತಂತಿಯನ್ನು ಯಾವ ಆಕಾರಕ್ಕೆ ಎಳೆದು ಬಿಟ್ಟರೂ ಅದನ್ನು ಸೈನ್ ರೇಖೆಗಳ ಮೊತ್ತವಾಗಿ ಬರೆಯಬಹುದೇ ಎಂಬುದು ಆಗ ನಿಜಕ್ಕೂ ಕಷ್ಟದ ಪ್ರಶ್ನೆಯಾಗಿತ್ತು. ಫೂರ್ಯೆಯ ಕಾಲದವರೆಗೂ ಅದು ಎಳೆದಾಡಿತು. ಎರಡು ಲೋಲಕಗಳ ವಿಷಯದಲ್ಲಿ ಆ ತಕರಾರಿಗೆ ಎಡೆಯೇ ಇಲ್ಲ. ಲೋಲಕಗಳ ಆರಂಭ ಸ್ಥಿತಿಯನ್ನು ತಿಳಿಸಲು ಬೇಕಾದದ್ದು ನಾಲ್ಕು ಸಂಖ್ಯೆಗಳು: ಎರಡು ಸ್ಥಾನ, ಎರಡು ವೇಗ. ಎರಡು ಸಹಜ ವಿಧಗಳಲ್ಲಿ ನಾವು ಆಯ್ದುಕೊಳ್ಳಬಹುದಾದ ಸಂಖ್ಯೆಗಳೂ ನಾಲ್ಕೇ: ಎರಡು ಪಾರ, ಎರಡು ಪ್ರಾವಸ್ಥೆ. ಲೆಕ್ಕ ಸರಿಹೋಯಿತು.

ಎರಡು ಆವೃತ್ತಿಗಳನ್ನು ಹುಡುಕೋಣ

ಈಗ ಪ್ರಯೋಗಾಲಯದಲ್ಲಿ ಕಟ್ಟಬಹುದಾದ ಒಂದು ಜೋಡಿಯನ್ನು ತೆಗೆದುಕೊಳ್ಳಿ. ಪಕ್ಕಪಕ್ಕದಲ್ಲಿ ಎರಡು ಲೋಲಕಗಳು. ತಲಾ 1 ಮೀಟರ್ ಉದ್ದದ ಹಗುರವಾದ ಕಡ್ಡಿ, ತುದಿಯಲ್ಲಿ 0.5 ಕಿಲೋಗ್ರಾಂ ಗುಂಡು. ಕೀಲಿನಿಂದ 25 ಸೆಂಮೀ ಕೆಳಗೆ ಎರಡು ಕಡ್ಡಿಗಳನ್ನೂ ಒಂದು ಮೆದು ಸ್ಪ್ರಿಂಗ್‌ನಿಂದ ಸೇರಿಸಿದೆ. ಲೋಲಕಗಳು ನೇರವಾಗಿ ತೂಗುತ್ತಿರುವಾಗ ಸ್ಪ್ರಿಂಗ್ ಹಿಗ್ಗಿಯೂ ಇಲ್ಲ, ಕುಗ್ಗಿಯೂ ಇಲ್ಲ. ಸ್ಪ್ರಿಂಗ್‌ನ ಬಿಗಿ ಮೀಟರಿಗೆ 4 ನ್ಯೂಟನ್ ಇರಲಿ. ಗುಂಡುಗಳು ಸರಿದ ದೂರದ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಸ್ಪ್ರಿಂಗ್ ಹಿಗ್ಗುತ್ತದೆ. ಅದರ ಬಲವೂ ಕೀಲಿಗೆ ಹತ್ತಿರವಿರುವುದರಿಂದ ಗುಂಡಿನ ಮೇಲೆ ನಾಲ್ಕನೇ ಒಂದರಷ್ಟೇ ಪರಿಣಾಮ ಬೀರುತ್ತದೆ. ಆದ್ದರಿಂದ ಗುಂಡುಗಳ ನಡುವೆಯೇ 4/16, ಎಂದರೆ k = 0.25 ನ್ಯೂಟನ್/ಮೀಟರ್ ಬಿಗಿಯ ಸ್ಪ್ರಿಂಗ್ ಇದ್ದಂತೆ.

ಗುಂಡುಗಳ ಸ್ಥಾನಪಲ್ಲಟ x ಮತ್ತು y ಆಗಿರಲಿ. ಓಲಾಟ ಚಿಕ್ಕದಾಗಿದ್ದರೆ ಅವುಗಳ ವೇಗೋತ್ಕರ್ಷ ಹೀಗಿರುತ್ತದೆ:

x'' = −(g/l) x − (k/m)(x − y)
y'' = −(g/l) y − (k/m)(y − x)

ತೊಂದರೆ ಎಲ್ಲಿದೆ ನೋಡಿ. ಮೊದಲ ಸಮೀಕರಣದಲ್ಲಿ y ನುಸುಳಿದೆ, ಎರಡನೆಯದರಲ್ಲಿ x ನುಸುಳಿದೆ. ಒಂದನ್ನು ಬಿಟ್ಟು ಒಂದನ್ನು ಬಿಡಿಸಲಾಗದು. ಬರ್ನೂಲಿಯ ಹಾದಿಯಲ್ಲಿ ಹೋಗಿ, ಎರಡೂ ಸಮೀಕರಣಗಳನ್ನು ಒಮ್ಮೆ ಕೂಡಿ, ಇನ್ನೊಮ್ಮೆ ಕಳೆಯಿರಿ. ಮೊತ್ತವನ್ನು s = x + y, ವ್ಯತ್ಯಾಸವನ್ನು d = x − y ಎನ್ನೋಣ.

s'' = −(g/l) s
d'' = −(g/l + 2k/m) d

ಗಂಟು ಬಿಚ್ಚಿಕೊಂಡಿತು. ಮೊತ್ತಕ್ಕೆ ವ್ಯತ್ಯಾಸದ ಪರಿವೆಯಿಲ್ಲ, ವ್ಯತ್ಯಾಸಕ್ಕೆ ಮೊತ್ತದ ಪರಿವೆಯಿಲ್ಲ. ಒಂದೊಂದೂ ಸರಳ ಲೋಲಕದ ಸಮೀಕರಣವೇ. ಇದರ ಅರ್ಥ ಬೀಜಗಣಿತವಿಲ್ಲದೆಯೂ ಹೊಳೆಯುತ್ತದೆ. ಎರಡು ಗುಂಡುಗಳನ್ನೂ ಒಂದೇ ಬದಿಗೆ ಸಮನಾಗಿ ಎಳೆದು ಬಿಟ್ಟರೆ ಸ್ಪ್ರಿಂಗ್ ಹಿಗ್ಗುವುದೇ ಇಲ್ಲ. ಅದು ಇದ್ದೂ ಇಲ್ಲದಂತೆ. ಆದ್ದರಿಂದ ಈ ಜೊತೆಯ ಓಲಾಟದ ಆವೃತ್ತಿ ಒಂಟಿ ಲೋಲಕದ್ದೇ. ವಿರುದ್ಧ ಬದಿಗಳಿಗೆ ಸಮನಾಗಿ ಎಳೆದು ಬಿಟ್ಟರೆ, ಪ್ರತಿ ಗುಂಡು ಒಂದು ಪಾಲು ಸರಿದಾಗ ಸ್ಪ್ರಿಂಗ್ ಎರಡು ಪಾಲು ಹಿಗ್ಗುತ್ತದೆ. ಸೂತ್ರದಲ್ಲಿರುವ 2 ಎಂಬ ಅಂಕಿ ಬಂದದ್ದು ಅಲ್ಲಿಂದ. ಸ್ಪ್ರಿಂಗ್‌ನ ಹೆಚ್ಚುವರಿ ಎಳೆತದಿಂದಾಗಿ ಈ ಎದುರು ಓಲಾಟ ಚುರುಕಾಗುತ್ತದೆ.

ಅಂಕಿಗಳನ್ನು ಹಾಕೋಣ. g/l = 9.8, 2k/m = 1.0. ಆದ್ದರಿಂದ ಜೊತೆಯ ಓಲಾಟಕ್ಕೆ ω² = 9.8, ಆವರ್ತ ಕಾಲ 2.007 ಸೆಕೆಂಡು. ಎದುರು ಓಲಾಟಕ್ಕೆ ω² = 10.8, ಆವರ್ತ ಕಾಲ 1.912 ಸೆಕೆಂಡು. ಸ್ಟಾಪ್‌ವಾಚ್ ಹಿಡಿದು 50 ಓಲಾಟಗಳನ್ನು ಎಣಿಸಿದರೆ ಮೊದಲನೆಯದಕ್ಕೆ 100.4 ಸೆಕೆಂಡು, ಎರಡನೆಯದಕ್ಕೆ 95.6 ಸೆಕೆಂಡು ಸಿಗಬೇಕು. ಸುಮಾರು 5 ಸೆಕೆಂಡುಗಳ ಅಂತರ ಯಾರ ಕೈಗೂ ಸಿಗುವಂಥದು.

ಶಕ್ತಿ ಹೋಗಿಬರುವುದೇಕೆ?

ಈಗ ಎಲಿಕಾಟ್ ಮಾಡಿದಂತೆ ಒಂದನ್ನು ಮಾತ್ರ ಓಡಿಸಿ. ಮೊದಲ ಗುಂಡನ್ನು 4 ಸೆಂಮೀ ಬಲಕ್ಕೆ ಎಳೆದು, ಎರಡನೆಯದನ್ನು ನಡುವೆಯೇ ಹಿಡಿದು, ಎರಡನ್ನೂ ಒಟ್ಟಿಗೆ ಬಿಟ್ಟುಬಿಡಿ. ಇದು ಯಾವ ಸಹಜ ವಿಧ? ಎರಡೂ ಅಲ್ಲ, ಎರಡರ ಸಮಪಾಲು. ಜೊತೆಯ ಓಲಾಟದಲ್ಲಿ (2, 2), ಎದುರು ಓಲಾಟದಲ್ಲಿ (2, −2) ಎಂದು ಬರೆದು ಕೂಡಿ. (4, 0) ಬಂತಲ್ಲವೇ? ಎರಡನೆಯ ಗುಂಡು ನಿಂತಿರುವುದು ಅದಕ್ಕೆ ಚಲನೆ ಇಲ್ಲವೆಂದಲ್ಲ. ಅದರ ಪಾಲಿನ ಎರಡು ಚಲನೆಗಳು ಆ ಕ್ಷಣದಲ್ಲಿ ಒಂದನ್ನೊಂದು ಅಳಿಸಿಹಾಕುತ್ತಿವೆ.

ಆದರೆ ಎದುರು ಓಲಾಟ ಚುರುಕು. ಪ್ರತಿ ಸುತ್ತಿನಲ್ಲೂ ಅದು ಜೊತೆಯ ಓಲಾಟಕ್ಕಿಂತ ಸ್ವಲ್ಪ ಮುಂದೆ ಹೋಗುತ್ತದೆ. ಸುಮಾರು 10 ಓಲಾಟಗಳಾದ ಮೇಲೆ ಅದು ಸರಿಯಾಗಿ ಅರ್ಧ ಸುತ್ತು ಮುಂದಿರುತ್ತದೆ. ಜೊತೆಯ ಓಲಾಟ (2, 2)ರಲ್ಲಿದ್ದಾಗ ಎದುರು ಓಲಾಟ ಈಗ (−2, 2). ಕೂಡಿದರೆ (0, 4). ಮೊದಲ ಲೋಲಕ ನಿಂತಿದೆ, ಎರಡನೆಯದು ಪೂರ್ಣ ಪಾರದಲ್ಲಿ ತೂಗುತ್ತಿದೆ. ಇನ್ನೂ 10 ಓಲಾಟ ಕಳೆದರೆ ಎದುರು ಓಲಾಟ ಪೂರ್ತಿ ಒಂದು ಸುತ್ತು ಮುಂದಿದ್ದು, ನಾವು ಹೊರಟಲ್ಲಿಗೇ ಬಂದಿರುತ್ತೇವೆ. ಈ ಹೋಗಿಬರುವ ಕಾಲವನ್ನು ಎರಡು ಆವರ್ತ ಕಾಲಗಳಿಂದ ಹೀಗೆ ಪಡೆಯಬಹುದು:

T = T₁T₂ / (T₁ − T₂) = 2.007 × 1.912 / 0.095 ≈ 40 ಸೆಕೆಂಡು

ಒಂದು ತೊಡಕನ್ನು ಇಲ್ಲೇ ಬಿಡಿಸಿಬಿಡೋಣ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಎರಡು ಕೊಸೈನ್‌ಗಳನ್ನು ಕೂಡಿದಾಗ ಈ ಸೂತ್ರ ಬರುತ್ತದೆ:

x = A cos[(ω₂ − ω₁)t/2] · cos[(ω₂ + ω₁)t/2]
y = A sin[(ω₂ − ω₁)t/2] · sin[(ω₂ + ω₁)t/2]

ಇದರಲ್ಲಿ ವ್ಯತ್ಯಾಸದ ಅರ್ಧವನ್ನು ಕಂಡು ಕಾಲ 80 ಸೆಕೆಂಡು ಎಂದು ಬರೆಯುವವರುಂಟು. ಪಾರವನ್ನು ನಿರ್ಧರಿಸುವ ಮೊದಲ ಕೊಸೈನ್ +1 ಆದಾಗಲೂ ಲೋಲಕ ಪೂರ್ಣವಾಗಿ ತೂಗುತ್ತದೆ, −1 ಆದಾಗಲೂ ತೂಗುತ್ತದೆ. ಕಣ್ಣಿಗೆ ಕಾಣುವುದು ಪಾರವೇ ಹೊರತು ಅದರ ಚಿಹ್ನೆಯಲ್ಲ. ಆದ್ದರಿಂದ 40 ಸೆಕೆಂಡೇ ಸರಿ.

ಇದೇ ಸೂತ್ರ ಶಕ್ತಿ ಅರ್ಧದಾರಿಯಲ್ಲಿ ನಿಲ್ಲುವುದಿಲ್ಲವೇಕೆ ಎಂಬುದನ್ನೂ ಹೇಳುತ್ತದೆ. x ನಲ್ಲಿ cos, y ನಲ್ಲಿ sin ಇರುವುದನ್ನು ಗಮನಿಸಿ. ಎರಡನೆಯ ಲೋಲಕ ಮೊದಲನೆಯದಕ್ಕಿಂತ ಕಾಲು ಸುತ್ತು ಹಿಂದಿದೆ. ಹಾಗಿರುವಾಗ ಸ್ಪ್ರಿಂಗ್ ಎರಡನೆಯ ಗುಂಡನ್ನು ಅದು ಹೋಗುತ್ತಿರುವ ದಿಕ್ಕಿಗೇ ತಳ್ಳುತ್ತದೆ. ಉಯ್ಯಾಲೆಯ ಮಗುವನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಪ್ರತಿ ಓಲಾಟದಲ್ಲೂ ಅದಕ್ಕೆ ಸ್ವಲ್ಪ ಶಕ್ತಿ ದೊರೆಯುತ್ತದೆ. ಎರಡರ ಪಾರವೂ ಸಮವಾದ ಕ್ಷಣದಲ್ಲಿ ಈ ಕಾಲು ಸುತ್ತಿನ ಅಂತರ ಹಾಗೆಯೇ ಇರುತ್ತದೆ. ಆದ್ದರಿಂದ ತಳ್ಳುವಿಕೆ ನಿಲ್ಲುವುದಿಲ್ಲ. ಶಾಖ ಉಷ್ಣತೆಗಳ ಅಂತರವನ್ನು ನೋಡಿ ಹರಿಯುತ್ತದೆ. ಇಲ್ಲಿ ಶಕ್ತಿ ನೋಡುವುದು ಯಾವುದರಲ್ಲಿ ಹೆಚ್ಚಿದೆ ಎಂದಲ್ಲ, ಯಾವುದು ಕಾಲು ಸುತ್ತು ಮುಂದಿದೆ ಎಂದು. ಮೊದಲ ಲೋಲಕ ಪೂರ್ತಿ ಬರಿದಾದಾಗ ಅದರ ಕೊಸೈನ್ ಸೊನ್ನೆಯನ್ನು ದಾಟಿ ಋಣವಾಗುತ್ತದೆ. ಈಗ ಮೊದಲನೆಯದೇ ಕಾಲು ಸುತ್ತು ಹಿಂದೆ ಬಿದ್ದಿದೆ. ಅಲ್ಲಿಂದ ಶಕ್ತಿ ಹಿಂದಕ್ಕೆ ಹರಿಯುತ್ತದೆ.

ಲೋಲಕದಿಂದ ಲೋಲಕಕ್ಕೆ ಶಕ್ತಿ ಹೀಗೆ ಹೋಗಿಬರುತ್ತಿದ್ದರೂ ಸಹಜ ವಿಧಗಳ ನಡುವೆ ಎಳ್ಳಷ್ಟೂ ಕೊಡುಕೊಳ್ಳುವಿಕೆ ಇಲ್ಲ. ಜೊತೆಯ ಓಲಾಟದಲ್ಲಿ ಮೊದಲು ಎಷ್ಟಿತ್ತೋ ಕೊನೆಗೂ ಅಷ್ಟೇ, ಎದುರು ಓಲಾಟದಲ್ಲೂ ಅಷ್ಟೇ. ಹೋಗಿಬರುವಿಕೆ ನಮಗೆ ಕಾಣುವುದು ನಾವು ಲೋಲಕಗಳನ್ನು ಒಂದೊಂದಾಗಿ ಎಣಿಸುವುದರಿಂದ. ಬರ್ನೂಲಿ ಹೇಳಿದ 'ಒಂದರ ಕೆಲಸದಲ್ಲಿ ಒಂದು ತಲೆಹಾಕದ' ಚಲನೆ ಎಂದರೆ ಇದೇ.

ಪ್ರಯೋಗ ಕೈಕೊಡುವುದು ಎಲ್ಲಿ?

ಪ್ರಯೋಗ ಮಾಡಿದವರಲ್ಲಿ ಹಲವರು, ಮೊದಲ ಲೋಲಕ ಪೂರ್ತಿ ನಿಲ್ಲುವುದೇ ಇಲ್ಲ ಎಂದು ದೂರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಒಂದೇ: ಉದ್ದಗಳು ಸಮವಾಗಿಲ್ಲ. ಉದ್ದ ಬೇರೆಯಾದರೆ ಸಹಜ ವಿಧಗಳು ಎರಡೇ ಆಗಿ ಉಳಿದರೂ ಅವುಗಳಲ್ಲಿ ಗುಂಡುಗಳ ಪಾರ ಸಮನಾಗಿರುವುದಿಲ್ಲ. ಆಗ ಅವು ಒಂದನ್ನೊಂದು ಪೂರ್ತಿ ಅಳಿಸಲಾರವು. ನಮ್ಮ ಜೋಡಿಯಲ್ಲಿ ಎರಡನೆಯ ಲೋಲಕ 5 ಸೆಂಮೀ ಗಿಡ್ಡವಾಗಿದ್ದರೆ ಮೊದಲನೆಯದರ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಮಾತ್ರ ದಾಟುತ್ತದೆ. 10 ಸೆಂಮೀ ಗಿಡ್ಡವಾಗಿದ್ದರೆ ಅರ್ಧವೂ ದಾಟುವುದಿಲ್ಲ. ಸ್ಪ್ರಿಂಗ್ ಮೆದುವಾದಷ್ಟೂ ಈ ವಿಷಯದಲ್ಲಿ ಹೆಚ್ಚು ನಿಖರತೆ ಬೇಕು. ಎರಡು ಆವೃತ್ತಿಗಳನ್ನು ಸ್ಪ್ರಿಂಗ್ ಎಷ್ಟು ದೂರ ತಳ್ಳುತ್ತದೆಯೋ, ಉದ್ದದ ವ್ಯತ್ಯಾಸ ಉಂಟುಮಾಡುವ ಅಂತರ ಅದಕ್ಕಿಂತ ತೀರ ಚಿಕ್ಕದಾಗಿರಬೇಕು.

ಪಾರವನ್ನು ಹೆಚ್ಚಿಸುವುದೂ ಇದೇ ಬಗೆಯ ತಪ್ಪು. 30 ಡಿಗ್ರಿಯಷ್ಟು ಎಳೆದ ಲೋಲಕದ ಆವರ್ತ ಕಾಲ ಶೇಕಡಾ 1.7ರಷ್ಟು ಹೆಚ್ಚುತ್ತದೆ. ತೂಗುತ್ತಿರುವುದು ನಿಧಾನವಾಗಿ, ನಿಂತಿರುವುದು ಚುರುಕಾಗಿ, ಜೋಡಿ ತಾನಾಗಿಯೇ ಹೊಂದಿಕೆ ತಪ್ಪುತ್ತದೆ. 10 ಡಿಗ್ರಿಯೊಳಗೆ ಇರಿ. ಇನ್ನು ಘರ್ಷಣೆ: ಲೋಲಕ 40 ಸೆಕೆಂಡಿಗೂ ಮೊದಲೇ ಬಹುಮಟ್ಟಿಗೆ ನಿಂತುಬಿಡುವುದಾದರೆ ಹೋಗಿಬರುವುದನ್ನು ನೋಡಲಾಗದು, ಸ್ಪ್ರಿಂಗನ್ನು ಸ್ವಲ್ಪ ಕೆಳಕ್ಕೆ ಕಟ್ಟಿದರೆ ಬೇಗ ಬೇಗ ಹೋಗಿಬರುತ್ತದೆ.

ಅಳತೆಯ ವಿಷಯದಲ್ಲಿ ಅಧ್ಯಾಪಕರಿಗೆ ಒಂದು ಮಾತು. 50 ಓಲಾಟಗಳ ಕಾಲದಲ್ಲಿ ಬರೀ 0.2 ಸೆಕೆಂಡು ತಪ್ಪಿದರೂ ಲೆಕ್ಕದ 40 ಸೆಕೆಂಡು ಸುಮಾರು 2 ಸೆಕೆಂಡು ಏರುಪೇರಾಗುತ್ತದೆ. ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸವನ್ನು ನೆಚ್ಚಿಕೊಂಡರೆ ಹೀಗೆಯೇ. ಆದ್ದರಿಂದ ತಿರುಗಿಸಿ ಅಳೆಯುವುದು ಲೇಸು: ಮೊದಲ ಲೋಲಕ ನಿಂತ ಕ್ಷಣಗಳನ್ನು ಗುರುತಿಸಿ, ನಾಲ್ಕೈದು ಬಾರಿ ಹೋಗಿಬರುವ ಒಟ್ಟು ಕಾಲವನ್ನು ಅಳೆದು, ಅದರಿಂದ ಆವೃತ್ತಿಗಳ ವ್ಯತ್ಯಾಸವನ್ನು ಪಡೆಯಿರಿ. ಸ್ಪ್ರಿಂಗ್ ಇಲ್ಲದಿದ್ದರೆ ಎರಡು ಕುರ್ಚಿಗಳ ನಡುವೆ ಸ್ವಲ್ಪ ಸಡಿಲವಾಗಿ ಕಟ್ಟಿದ ಹಗ್ಗಕ್ಕೆ ಎರಡು ಸಮ ಉದ್ದದ ಲೋಲಕಗಳನ್ನು ತೂಗುಬಿಟ್ಟು ಹಗ್ಗಕ್ಕೆ ಅಡ್ಡಲಾಗಿ ತೂಗಿಸಿದರೂ ಆದೀತು. ಅಲ್ಲಿ ಜೊತೆಯ ಓಲಾಟದಲ್ಲಿ ಹಗ್ಗವೂ ಓಲಾಡುವುದರಿಂದ ಅದರ ಆವೃತ್ತಿ ಒಂಟಿ ಲೋಲಕದ್ದಾಗಿ ಉಳಿಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಈ ಕೀಲಿಕೈಯಿಂದ ಹಳೆಯ ಎರಡು ಬೀಗಗಳನ್ನೂ ತೆರೆಯಬಹುದು. ಎಲಿಕಾಟ್‌ನ ಗಡಿಯಾರಗಳ ನಡುವೆ ಸ್ಪ್ರಿಂಗ್‌ನ ಕೆಲಸ ಮಾಡಿದ್ದು ಮರದ ಪಟ್ಟಿ. ಗಡಿಯಾರದ ಹಲ್ಲುಗಾಲಿಯನ್ನು ಒಂದೊಂದೇ ಹಲ್ಲಿನಂತೆ ಬಿಡಿಸಿ ಲೋಲಕಕ್ಕೆ ತಳ್ಳು ಕೊಡುವ ಕೊಂಡಿ ಕೆಲಸ ಮಾಡಬೇಕಾದರೆ ಲೋಲಕ ಒಂದಷ್ಟು ದೂರವಾದರೂ ಓಲಾಡಬೇಕು. ಶಕ್ತಿಯನ್ನು ಕೊಟ್ಟ ಲೋಲಕದ ಪಾರ ಈ ಮಿತಿಗಿಂತ ಕೆಳಗಿಳಿದಾಗ ಗಾಲಿ ಮುಂದುವರಿಯದು; ಗಡಿಯಾರ ನಿಂತಿತು. ಶಕ್ತಿ ಪಡೆದ ಲೋಲಕದ ಪಾರ ಮಿತಿಯನ್ನು ದಾಟಿದಾಗ ಅದರ ಗಾಲಿ ಹೊರಟು, ಅಲ್ಲಿಂದ ಮುಂದೆ ಅದರದೇ ತೂಕ ಅದನ್ನು ಓಡಿಸಿತು.

ಹೈಗನ್ಸ್‌ನ ಗಡಿಯಾರಗಳಲ್ಲೂ ಇವೇ ಎರಡು ವಿಧಗಳಿದ್ದವು, ಆದರೆ ಎರಡಕ್ಕೂ ಸಮಾನ ಭಾಗ್ಯವಿರಲಿಲ್ಲ. ಜೊತೆಯ ಓಲಾಟದಲ್ಲಿ ಎರಡು ಲೋಲಕಗಳೂ ತೊಲೆಯನ್ನು ಒಂದೇ ಕಡೆಗೆ ಜಗ್ಗುತ್ತವೆ. ತೊಲೆ ಅಲುಗಿ, ಘರ್ಷಣೆಯಲ್ಲಿ ಶಕ್ತಿ ಸೋರಿಹೋಗುತ್ತದೆ. ಎದುರು ಓಲಾಟದಲ್ಲಿ ಒಂದರ ಜಗ್ಗಾಟವನ್ನು ಇನ್ನೊಂದು ಸರಿತೂಗಿಸುವುದರಿಂದ ತೊಲೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಗಡಿಯಾರದ ತೂಕ ಶಕ್ತಿಯನ್ನು ತುಂಬುತ್ತಲೇ ಇರುವಾಗ, ಸೋರುವ ವಿಧ ಅಳಿದು ಸೋರದ ವಿಧ ಉಳಿಯುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಹೈಗನ್ಸ್‌ನ ಏರ್ಪಾಡನ್ನು ಮತ್ತೆ ಕಟ್ಟಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಲೋಲಕಗಳೂ ಎದುರು ಬದುರಾಗಿಯೇ ತಾಳ ಹಿಡಿದವು. ಆದರೆ ಅವು ಒಂದರ ಮೇಲೊಂದು ಬೀರುವ ಪ್ರಭಾವವನ್ನು ಬಲಪಡಿಸಿದಾಗ, ತಾಳ ಹಿಡಿಯುವ ಬದಲು ಒಂದು ಗಡಿಯಾರ ನಿಂತುಹೋದ ಸಂದರ್ಭಗಳೂ ಅಲ್ಲಿ ಕಂಡುಬಂದವು.